ಹೊಸ ಕ್ಲೈಂಟಿಗೆ ಕಳಿಸುವ ಮೊದಲ ಮೇಲ್‌ನಲ್ಲೇ ಎಲ್ಲವನ್ನೂ ತುಂಬಬೇಡಿ: ಬದಿಯಡ್ಕದ ಒಂದು ರಿಟರ್ನ್ ತಪ್ಪಿದ್ದು ಹೀಗೆ

ಕಾಸರಗೋಡು, ಮಂಜೇಶ್ವರ, ಉಪ್ಪಳ ಕಡೆ ಜಿಎಸ್‌ಟಿ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ಸಣ್ಣ ಆಫೀಸುಗಳವರಿಗೆ ಈ ಎಚ್ಚರಿಕೆ. ಹೊಸ ಕ್ಲೈಂಟ್ ಬಂದ ಕೂಡಲೇ ಒಂದು ಸ್ವಾಗತದ ಮೇಲ್ ಕಳಿಸುವ ರೂಢಿ ಈಗ ಎಲ್ಲ ಕಡೆ ಇದೆ. ಆ ಮೇಲ್ ತಪ್ಪಾದರೆ ಮೊದಲ ತಿಂಗಳ ರಿಟರ್ನೇ ಕೈತಪ್ಪಬಹುದು. ಹಾಗೆ ತಪ್ಪಿದ ಒಂದು ಪ್ರಕರಣ ಇಲ್ಲಿದೆ. ಆಫೀಸಿನ ಹೆಸರಾಗಲಿ ವ್ಯಾಪಾರಿಯ ಹೆಸರಾಗಲಿ ಬೇಡ.

ಬದಿಯಡ್ಕ ಪೇಟೆಯಲ್ಲಿ ಚಾಲಿ ಅಡಿಕೆ ಖರೀದಿಸಿ ಮಂಗಳೂರಿನ ಸಗಟು ವ್ಯಾಪಾರಿಗಳಿಗೆ ಮಾರುವ ಅಂಗಡಿಯವರು. ಪ್ರತಿ ತಿಂಗಳೂ ರಿಟರ್ನ್ ಹಾಕುವವರು. ಜೂನ್ ಕೊನೆಗೆ ಹಳೆಯ ಟ್ಯಾಕ್ಸ್ ಕನ್ಸಲ್ಟೆಂಟನ್ನು ಬಿಟ್ಟು ಕಾಸರಗೋಡಿನ ಒಂದು ಆಫೀಸಿಗೆ ಕೆಲಸ ಒಪ್ಪಿಸಿದರು. ಜೂನ್ 24ರಂದು ಅವರಿಗೆ ಮೇಲ್ ಬಂತು. ಮೊದಲ ಎರಡು ಪ್ಯಾರಾ ಪೂರ್ತಿ ಆಫೀಸಿನ ಪರಿಚಯ. ಆಮೇಲೆ ಬೇಕಾದ ದಾಖಲೆಗಳ ಪಟ್ಟಿ, ಇಪ್ಪತ್ತಕ್ಕೂ ಹೆಚ್ಚು ಸಾಲು: ಪಾನ್, ಆಧಾರ್, ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ವರ್ಷದ ಹಳೆಯ ರಿಟರ್ನ್‌ಗಳು, ಹೀಗೆ. ‘ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾದ ಮೊಬೈಲ್ ಮತ್ತು ಇಮೇಲ್’ ಎಂಬ ಸಾಲು ಈ ಪಟ್ಟಿಯ ನಡುವೆ ಎಲ್ಲೋ ಇತ್ತು. ಜೊತೆಗೆ ಆರು ಅಟ್ಯಾಚ್‌ಮೆಂಟು. ಸಮಯದ ಬಗ್ಗೆ ‘ಆದಷ್ಟು ಬೇಗ ಕಳಿಸಿ’ ಎಂಬ ಒಂದೇ ಮಾತು. ಕೊನೆಯಲ್ಲಿ ಐದು ಮಂದಿಯ ಫೋನ್ ನಂಬರು. ಯಾರಿಗೆ ಯಾವುದಕ್ಕೆ ಫೋನ್ ಮಾಡಬೇಕು ಎಂದಿಲ್ಲ.

ಆ ನಂಬರುಗಳು ವ್ಯಾಪಾರಿಯ ಕಣ್ಣಿಗೆ ಬೀಳಲೇ ಇಲ್ಲ. ದಾಖಲೆಗಳ ಪಟ್ಟಿಯನ್ನು ವರ್ಡ್‌ನ ಟೇಬಲ್‌ನಿಂದ ನೇರ ಎತ್ತಿ ಮೇಲ್‌ಗೆ ಅಂಟಿಸಿದ್ದರು. ಹಾಗೆ ಅಂಟಿಸಿದಾಗ ಕಣ್ಣಿಗೆ ಕಾಣದ ಕೋಡು ವಿಪರೀತ ಸೇರುತ್ತದೆ. ಆ ಕೋಡೂ ಸೇರಿ ಮೇಲ್‌ನ ಬರಹ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ, ಕೆಳಗೆ `[Message clipped]` ಎಂದು ತೋರಿಸಿ ನಿಲ್ಲಿಸುತ್ತದೆ. ಅಡಿಕೆ ತೂಗುವ ಗಡಿಬಿಡಿಯ ನಡುವೆ ಫೋನಿನಲ್ಲಿ ಓದುವವರು ಆ ಚಿಕ್ಕ ಸಾಲನ್ನು ಒತ್ತಿ ಮುಂದೆ ಓದುವುದು ಅಪರೂಪ.

ಅವರು ಕೈಗೆ ಸಿಕ್ಕಿದ್ದನ್ನು ಕಳಿಸಿದರು: ಪಾನ್, ಆಧಾರ್, ಬಾಡಿಗೆ ಕರಾರಿನ ಫೋಟೊ. ಹಳೆಯ ಕನ್ಸಲ್ಟೆಂಟ್ ಬರೆದುಕೊಟ್ಟಿದ್ದ ಯೂಸರ್ ಐಡಿ, ಪಾಸ್‌ವರ್ಡನ್ನೂ ಕಳಿಸಿದರು. ತಮ್ಮ ಕೆಲಸ ಮುಗಿಯಿತು ಎಂದುಕೊಂಡರು. ಆಫೀಸಿನವರು ಉಳಿದ ದಾಖಲೆ ಬರಲಿ ಎಂದು ಕಾದರು. ಲಾಗಿನ್ ಆಗುತ್ತಿದ್ದ ಕಾರಣ ಯಾರಿಗೂ ಅನುಮಾನ ಬರಲಿಲ್ಲ. ಬಿಲ್ಲುಗಳು ಬಂದವು, ಪೋರ್ಟಲ್‌ಗೆ ಏರಿಸಿದ್ದೂ ಆಯಿತು. ಜುಲೈ 11ರಂದು GSTR-1 ಫೈಲ್ ಮಾಡಲು ಒತ್ತಿದಾಗ ಒಟಿಪಿ ಹೋದದ್ದು ಹಳೆಯ ಕನ್ಸಲ್ಟೆಂಟ್‌ನ ಮೊಬೈಲಿಗೆ ಮತ್ತು ಅವರದ್ದೇ ಇಮೇಲಿಗೆ. ಅವರು ಫೋನ್ ಎತ್ತಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯ ಇದೇ. ಲಾಗಿನ್ ಆಯಿತು ಎಂದ ಮಾತ್ರಕ್ಕೆ ರಿಟರ್ನ್ ಹಾಕಲು ಆಗುತ್ತದೆ ಎಂದಲ್ಲ. ಡಿಜಿಟಲ್ ಸಹಿ ಇಲ್ಲದ ಒಬ್ಬರದೇ ಮಾಲೀಕತ್ವದ ಅಂಗಡಿಗಳು ಒಟಿಪಿ ಮೂಲಕವೇ ಸಹಿ ಮಾಡುವುದು, ಮತ್ತು ಆ ಒಟಿಪಿ ನೋಂದಣಿಯಲ್ಲಿರುವ ಸಹಿದಾರರ ನಂಬರಿಗೇ ಹೋಗುವುದು. ಹಳ್ಳಿಯ ಎಷ್ಟೋ ನೋಂದಣಿಗಳಲ್ಲಿ ಆ ಜಾಗದಲ್ಲಿ ಕನ್ಸಲ್ಟೆಂಟ್‌ನ ನಂಬರೇ ಕೂತಿರುತ್ತದೆ, ವ್ಯಾಪಾರಿಗೆ ಅದು ಗೊತ್ತೇ ಇರುವುದಿಲ್ಲ. ಹಳಬರು ಸಹಕರಿಸಿದರೆ ಪೋರ್ಟಲ್‌ನಲ್ಲೇ ನಂಬರು ಬದಲಿಸಬಹುದು. ಸಹಕರಿಸದಿದ್ದರೆ ವ್ಯಾಪಾರಿ ಗುರುತಿನ ದಾಖಲೆ ಮತ್ತು ವ್ಯಾಪಾರದ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಹತ್ತಿರ ಹೋಗಬೇಕು. ಅಧಿಕಾರಿ ಹೊಸ ಮೊಬೈಲ್, ಇಮೇಲ್ ದಾಖಲಿಸಿದ ಮೇಲೆ ಹೊಸ ಇಮೇಲಿಗೆ ತಾತ್ಕಾಲಿಕ ಪಾಸ್‌ವರ್ಡ್ ಬರುತ್ತದೆ. ಇದೇನೂ ಕಷ್ಟದ ಕೆಲಸವಲ್ಲ. ಆದರೆ 11ನೇ ತಾರೀಕು ಮಧ್ಯಾಹ್ನ ಶುರು ಮಾಡಿದರೆ ಅದೇ ದಿನ ಮುಗಿಯುವುದಿಲ್ಲ.

ಕೊನೆಗೆ GSTR-1 ಹೋದದ್ದು ಜುಲೈ 19ಕ್ಕೆ, GSTR-3B ಹೋದದ್ದು 24ಕ್ಕೆ. 3Bಯ ಗಡುವು 20. ನಾಲ್ಕು ದಿನ ತಡ, ದಿನಕ್ಕೆ 50 ರೂಪಾಯಿಯಂತೆ 200 ರೂಪಾಯಿ. ಕಟ್ಟಬೇಕಿದ್ದ 30,000 ರೂಪಾಯಿ ತೆರಿಗೆಗೆ ವರ್ಷಕ್ಕೆ 18 ಶೇಕಡದಂತೆ ನಾಲ್ಕು ದಿನದ ಬಡ್ಡಿ ಸುಮಾರು 59 ರೂಪಾಯಿ. ‘ಇಷ್ಟೇ ತಾನೇ, ನಾವೇ ಕಟ್ಟಿಬಿಡುತ್ತೇವೆ’ ಎಂದು ಆಫೀಸಿನವರಿಗೆ ಅನ್ನಿಸಬಹುದು. ಪೆಟ್ಟು ಬಿದ್ದದ್ದು ಬೇರೆ ಕಡೆ. ಮಂಗಳೂರಿನ ಖರೀದಿದಾರರಿಗೆ 6 ಲಕ್ಷದ ಅಡಿಕೆ ಹೋಗಿತ್ತು, ಅದರ ಮೇಲೆ 5 ಶೇಕಡ, ಅಂದರೆ 30,000 ರೂಪಾಯಿ ತೆರಿಗೆ. ಮಾರಿದವರು 11ರೊಳಗೆ GSTR-1 ಹಾಕಿದರೆ ಮಾತ್ರ ಅದು 14ರಂದು ತಯಾರಾಗುವ ಖರೀದಿದಾರರ GSTR-2Bಯಲ್ಲಿ ಕಾಣುತ್ತದೆ. ಅಲ್ಲಿ ಕಾಣದಿದ್ದರೆ ಆ ತಿಂಗಳು ಅವರಿಗೆ ಕ್ರೆಡಿಟ್ ಇಲ್ಲ. 19ಕ್ಕೆ ಹಾಕಿದ ಬಿಲ್ಲು ಆಗಸ್ಟ್ 14ರ 2Bಗೆ ಹೋಯಿತು. ಖರೀದಿದಾರರು ಅಲ್ಲಿವರೆಗೆ 30,000 ತಡೆಹಿಡಿದರು, ಮುಂದಿನ ಲೋಡಿಗೆ ಬೇರೆಯವರನ್ನು ವಿಚಾರಿಸಿದರು. ಊರಿನ ವ್ಯಾಪಾರಿಗೆ ಆದ ನಷ್ಟ ಇದು. ಇದನ್ನು ದಂಡದ ರಸೀದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೇಲ್‌ನಲ್ಲಿ ಸುಳ್ಳು ಮಾಹಿತಿ ಒಂದೂ ಇರಲಿಲ್ಲ. ಬೇಕಾದದ್ದೆಲ್ಲ ಇತ್ತು. ಆದರೆ ಯಾವುದು ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತದೋ ಅದಕ್ಕೂ, ಮೂರು ತಿಂಗಳು ಬಿಟ್ಟು ಕೊಟ್ಟರೂ ನಡೆಯುವ ಹಳೆಯ ರಿಟರ್ನ್‌ಗಳಿಗೂ ಒಂದೇ ಜಾಗ ಕೊಟ್ಟಿದ್ದರು. ಮೊದಲ ಮೇಲ್ ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಮೊದಲ ರಿಟರ್ನನ್ನು ತಡೆಯಬಹುದಾದದ್ದು ಯಾವುದು? ಅದೊಂದನ್ನೇ ಕೇಳಿ. ಅದೂ ಅವರು ಅಂಗಡಿಯಲ್ಲಿ ನಿಂತಲ್ಲೇ, ಯಾವ ಕಾಗದವನ್ನೂ ಹುಡುಕದೆ ಉತ್ತರಿಸುವ ಹಾಗೆ ಕೇಳಿ. ‘ಪೋರ್ಟಲ್‌ನಲ್ಲಿ ದಾಖಲಾದ ಮೊಬೈಲ್ ಯಾವುದು’ ಎಂದರೆ ತಮ್ಮ ನಂಬರು ಬರೆದು ಕಳಿಸುತ್ತಾರೆ, ಅದೇ ಇರಬೇಕು ಎಂಬ ನಂಬಿಕೆಯಿಂದ. ‘ಕಳೆದ ತಿಂಗಳು ರಿಟರ್ನ್ ಹಾಕಿದಾಗ ಒಟಿಪಿ ಯಾರ ಫೋನಿಗೆ ಬಂತು’ ಎಂದರೆ ನಿಜವಾದ ಉತ್ತರ ಸಿಗುತ್ತದೆ.

ತಾರೀಕುಗಳನ್ನು ಗಡುವಿನಿಂದ ಹಿಂದಕ್ಕೆ ಎಣಿಸಿ ಹಾಕಬೇಕು. 11 ಕೊನೆ ದಿನ. ಆ ದಿನ ಪೋರ್ಟಲ್ ನಿಧಾನ ಆಗುವುದುಂಟು, ಹಾಗಾಗಿ ಫೈಲಿಂಗ್ 10ಕ್ಕೆ. ಅದಕ್ಕೆ ಮುಂಚೆ ಕ್ಲೈಂಟ್ ಲೆಕ್ಕ ನೋಡಲು ಒಂದು ದಿನ, ನಮ್ಮವರು ಬಿಲ್ಲು ಏರಿಸಲು ಮೂರು ನಾಲ್ಕು ದಿನ. ಅಂದರೆ ಬಿಲ್ಲುಗಳು 5ಕ್ಕೆ ಕೈಗೆ ಬರಬೇಕು. ಒಟಿಪಿ ವಿಷಯ ಅದಕ್ಕೂ ಒಂದು ವಾರ ಮೊದಲೇ ತೀರ್ಮಾನವಾಗಬೇಕು, ಅಧಿಕಾರಿಯ ಹತ್ತಿರ ಹೋಗುವ ಪ್ರಸಂಗ ಬಂದರೆ ಸಮಯ ಇರಲಿ ಎಂದು. ಅದೇ ವ್ಯಾಪಾರಿಗೆ ಜೂನ್ 24ರಂದು ಹೋಗಬೇಕಿದ್ದ ಮೇಲ್ ಹೀಗಿದ್ದರೆ ಸಾಕಿತ್ತು:

> ವಿಷಯ: ಜೂನ್ ರಿಟರ್ನ್ ಬಗ್ಗೆ, 27ರೊಳಗೆ ನಿಮ್ಮಿಂದ ಒಂದು ಉತ್ತರ ಬೇಕು
>
> ನಮಸ್ಕಾರ. ಜೂನ್ ತಿಂಗಳ ರಿಟರ್ನ್‌ನಿಂದ ನಿಮ್ಮ ಜಿಎಸ್‌ಟಿ ಕೆಲಸ ನಾವು ನೋಡಿಕೊಳ್ಳುತ್ತೇವೆ. ಈಗ ಒಂದೇ ವಿಷಯ ತಿಳಿಸಿ: ಕಳೆದ ತಿಂಗಳು ರಿಟರ್ನ್ ಹಾಕಿದಾಗ ಒಟಿಪಿ ಬಂದದ್ದು ನಿಮ್ಮ ಫೋನಿಗೋ, ಹಿಂದಿನ ಕನ್ಸಲ್ಟೆಂಟ್‌ನವರ ಫೋನಿಗೋ? ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಬರೆದರೂ ಸಾಕು, ನಾವು ವಿಚಾರಿಸುತ್ತೇವೆ.
>
> ಜುಲೈ 5ರೊಳಗೆ ಜೂನ್ ತಿಂಗಳ ಮಾರಾಟದ ಬಿಲ್ಲುಗಳ ಫೋಟೊ ವಾಟ್ಸ್ಆ್ಯಪ್ ಮಾಡಿ. 9ಕ್ಕೆ ನಾವು ಲೆಕ್ಕ ಕಳಿಸುತ್ತೇವೆ, ನೋಡಿ ಸರಿಯಿದೆ ಎಂದು ಹೇಳಿ. 10ರಂದು ಬೆಳಿಗ್ಗೆ 10ರಿಂದ 12ರೊಳಗೆ ಫೈಲ್ ಮಾಡುತ್ತೇವೆ, ಆಗ ಫೋನ್ ಹತ್ತಿರ ಇರಲಿ. ಈ ಮೇಲ್‌ನಲ್ಲಿರುವ ನಂಬರಿನಿಂದಲ್ಲದೆ ಬೇರೆ ಯಾರು ಕೇಳಿದರೂ ಒಟಿಪಿ ಹೇಳಬೇಡಿ.
>
> ಬಿಲ್ಲು, ರಿಟರ್ನ್ ವಿಷಯಕ್ಕೆ ನಮ್ಮ ಅಕೌಂಟೆಂಟ್‌ಗೆ ಫೋನ್ ಮಾಡಿ, ಕನ್ನಡ ಮತ್ತು ತುಳುವಿನಲ್ಲಿ ಮಾತಾಡುತ್ತಾರೆ, ಬೆಳಿಗ್ಗೆ 10ರಿಂದ ಸಂಜೆ 5. ಅವರು ಸಿಗದಿದ್ದರೆ ನನಗೇ ಮಾಡಿ. ಉಳಿದ ದಾಖಲೆಗಳನ್ನು ಜುಲೈ 15ರ ನಂತರ ಕೇಳುತ್ತೇವೆ, ಈಗ ಏನೂ ಹುಡುಕಬೇಡಿ.

ಫೋನಿನ ಪರದೆಯಲ್ಲಿ ಎರಡು ಮೂರು ಸಲ ಬೆರಳು ಸರಿಸಿದರೆ ಇಷ್ಟೂ ಓದಿ ಆಗುತ್ತದೆ. ಅಟ್ಯಾಚ್‌ಮೆಂಟ್ ಒಂದೂ ಇಲ್ಲ. ‘ಈಗ ಏನೂ ಹುಡುಕಬೇಡಿ’ ಎಂಬ ಮಾತನ್ನು ಬಿಡಬೇಡಿ. ದಾಖಲೆ ಕೇಳುತ್ತಾರೆ ಎಂದು ಗೊತ್ತಿರುವ ವ್ಯಾಪಾರಿ ಎಲ್ಲವನ್ನೂ ಕೂಡಿಸಿ ಒಟ್ಟಿಗೆ ಉತ್ತರಿಸೋಣ ಎಂದು ಮೇಲನ್ನು ಹಾಗೇ ಇಟ್ಟುಬಿಡುತ್ತಾರೆ, ನಮಗೆ ಬೇಕಾದ ಒಂದು ಉತ್ತರವೂ ಅದರ ಜೊತೆಗೇ ಉಳಿದುಬಿಡುತ್ತದೆ.

ಸಂಪರ್ಕದ ವಿಷಯದಲ್ಲಿ ನಮ್ಮ ಜಿಲ್ಲೆಯದ್ದೇ ಒಂದು ತೊಂದರೆ ಇದೆ. ಆಫೀಸಿನ ಫೋನ್ ಎತ್ತುವವರಿಗೆ ಮಲಯಾಳ ಮಾತ್ರ ಬರುತ್ತದೆ, ಪೆರ್ಲ, ನೀರ್ಚಾಲು ಕಡೆಯ ವ್ಯಾಪಾರಿಗೆ ಕನ್ನಡ, ತುಳುವಿನಲ್ಲಿ ಹೇಳಿದರೆ ಮಾತ್ರ ಲೆಕ್ಕದ ವಿಷಯ ಸರಾಗ. ಒಂದು ಸಲ ಮಾತು ತಿಳಿಯದೆ ಫೋನ್ ಇಟ್ಟವರು ಎರಡನೇ ಸಲ ಮಾಡುವುದಿಲ್ಲ. ಆದ್ದರಿಂದ ಐದು ನಂಬರು ಬೇಡ, ಎರಡು ಸಾಕು, ಆದರೆ ಯಾವ ಭಾಷೆ, ಯಾವ ಹೊತ್ತು ಎಂದು ಬರೆಯಲೇಬೇಕು. ಕ್ಲೈಂಟ್‌ಗಳ ಹತ್ತಿರ ಪಾಸ್‌ವರ್ಡನ್ನು ಮೇಲ್‌ನಲ್ಲಿ ಕೇಳುವ ಅಭ್ಯಾಸವೂ ನಿಲ್ಲಬೇಕು. ಫೋನಿನಲ್ಲಿ ಪಡೆದು, ಅವರು ಲೈನಿನಲ್ಲಿರುವಾಗಲೇ ಬದಲಿಸುವುದು ಕ್ಷೇಮ.

ಶುಲ್ಕ, ಕರಾರಿನ ಷರತ್ತುಗಳು ಸಹಿಯಾಗುವ ಕಾಗದದಲ್ಲಿ ಬೇರೆಯೇ ಇರಲಿ. ಸ್ವಾಗತದ ಮೇಲ್‌ಗೆ ಅವನ್ನು ಸೇರಿಸಿದರೆ ಓದುವವರ ಗಮನ ಪೂರ್ತಿ ಆ ಕಡೆ ಹೋಗುತ್ತದೆ.

ಕಳಿಸಿದ ಮರುದಿನ ಒಂದು ಫೋನ್ ಮಾಡಿ. ‘ಮೇಲ್ ಸಿಕ್ಕಿತಾ’ ಎಂದು ಕೇಳಿದರೆ ‘ಹೌದು’ ಎನ್ನುತ್ತಾರೆ, ಓದಿರದಿದ್ದರೂ. ಒಟಿಪಿಯ ಪ್ರಶ್ನೆಯನ್ನೇ ನೇರ ಕೇಳಿ. ‘ನನ್ನ ಫೋನಿಗೆ ಯಾವತ್ತೂ ಬಂದದ್ದಿಲ್ಲ’ ಎಂಬ ಉತ್ತರ ಬಂದರೆ ಅದೇ ದಿನ ಹಳೆಯ ಕನ್ಸಲ್ಟೆಂಟ್‌ಗೆ ಕ್ಲೈಂಟ್ ಕಡೆಯಿಂದಲೇ ಫೋನ್ ಮಾಡಿಸಿ. ನೀವು ಮಾಡಿದರೆ ಪೈಪೋಟಿಯವರು ಎಂದು ತಪ್ಪಿಸಿಕೊಳ್ಳಬಹುದು, ಹಳೆಯ ಗಿರಾಕಿ ಕೇಳಿದರೆ ಬಹಳ ಮಂದಿ ಇಲ್ಲ ಎನ್ನುವುದಿಲ್ಲ. ಎರಡು ದಿನ ಕಾದರೂ ನಂಬರು ಬದಲಾಗದಿದ್ದರೆ ಕಾಯುವುದನ್ನು ಬಿಟ್ಟು ಕ್ಲೈಂಟನ್ನು ಕರೆದುಕೊಂಡು ಅಧಿಕಾರಿಯ ಆಫೀಸಿಗೆ ಹೋಗಿ.