ಟ್ಯಾಗ್ ಫೋಟೋದಲ್ಲಿ ಹೆಬ್ಬೆರಳು ಅಡ್ಡ ಬಂದಿದ್ದರೆ ಹಾಸಿಗೆ ತಗೋಬೇಡಿ

ನಾನು ಲೆಕ್ಕ ಬರೆಯುವ ಕೆಲಸದವನು. ಊರಿನವರ ಬಿಲ್ಲನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ. ಅಂಥವನು ಒಂದು ಹಾಸಿಗೆ ಟ್ಯಾಗ್ ಓದೋಕೆ ಬಾರದೆ 14,500 ರೂಪಾಯಿ ಕೊಟ್ಟು ಬಂದೆ. ಮನೆಯಲ್ಲಿ ಇನ್ನೂ ನಗುತ್ತಿದ್ದಾರೆ. ನಗಲಿ, ಆದರೆ ನೀವು ಈ ತಪ್ಪು ಮಾಡಬೇಡಿ.

ಅಪ್ಪನಿಗೆ ಸೊಂಟ ನೋವು. ಹಳೆ ಹತ್ತಿ ಹಾಸಿಗೆ ಗಂಟುಗಂಟಾಗಿತ್ತು. ಮೈಸೂರಿನಲ್ಲಿ ಒಂದು ಅಂಗಡಿಗೆ ಹೋದೆ, ಹೆಸರು ಬೇಡ. 78 ಇಂಚು ಉದ್ದ, 60 ಅಗಲ, 6 ದಪ್ಪ. ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಎಂಆರ್‌ಪಿ 28,999, ನಮಗೆ ಅರ್ಧ ಬೆಲೆ ಅಂದರು. "ಡೆನ್ಸಿಟಿ ಎಷ್ಟು?" ಅಂತ ಕೇಳಿದೆ. ಸುಮ್ನೆ ಕೇಳಿದ್ದಲ್ಲ, 40 ಇದ್ದರೆ ಒಳ್ಳೇದು ಅಂತ ಗೆಳೆಯ ಹೇಳಿದ್ದ. "ಪೀಸು ಗೋಡೌನ್‌ನಲ್ಲಿದೆ ಸರ್, ಟ್ಯಾಗ್ ಫೋಟೋ ವಾಟ್ಸಾಪ್ ಮಾಡ್ತೀವಿ, ನೀವೇ ನೋಡಿ" ಅಂದರು.

ಫೋಟೋ ಬಂತು. ದಪ್ಪ ಅಕ್ಷರದಲ್ಲಿ 40 ಡೆನ್ಸಿಟಿ. ಕೆಳಗೆ ಮೀಡಿಯಂ ಫರ್ಮ್. ಅದರ ಕೆಳಗೆ ಟ್ಯಾಗ್ ಹಿಡಿದವನ ಹೆಬ್ಬೆರಳು. ನಾನು 40 ನೋಡಿದೆ, ದುಡ್ಡು ಹಾಕಿದೆ. ಹೆಬ್ಬೆರಳು ನೋಡಲಿಲ್ಲ.

ಮೂರು ತಿಂಗಳಾಯಿತು. ಸೊಂಟ ಇಡೋ ಜಾಗದಲ್ಲಿ ಹಳ್ಳ. ಅಪ್ಪ ಒಂದು ದಿನ ಏನೂ ಹೇಳದೆ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು. ಆಗ ನಾನು ಹಾಸಿಗೆ ಎತ್ತಿ ನಿಲ್ಲಿಸಿ, ಹೊಲೆದಿರೋ ಟ್ಯಾಗನ್ನು ಮೊದಲ ಸಲ ಪೂರ್ತಿ ಓದಿದೆ. ಹೆಬ್ಬೆರಳು ಮುಚ್ಚಿದ್ದ ಸಾಲು ಇದು: ಮೇಲಿನ ಪದರ 1 ಇಂಚು. ಅದರ ಕೆಳಗೆ, ಕೋರ್ 5 ಇಂಚು, ಪಿಯು ಫೋಮ್. ಕೋರ್‌ನ ಡೆನ್ಸಿಟಿ? ಬರೆದೇ ಇಲ್ಲ! 40 ಅನ್ನೋದು ಮೇಲಿನ ಒಂದೇ ಇಂಚಿಗೆ. ಒಂದೇ ಇಂಚಿಗೆ!

ಮೈಯೆಲ್ಲ ಉರಿದುಹೋಯಿತು. ಅಂಗಡಿಗೆ ಫೋನ್ ಮಾಡಿದೆ.

"ಟ್ಯಾಗಲ್ಲಿ 40 ಅಂತ ಇದೆ ಅಲ್ವಾ ಸರ್, ಸುಳ್ಳಾ?"

ಒಂದು ಇಂಚಿಗೆ ಮಾತ್ರ ಇದೆಯಲ್ರೀ ಅಂದೆ.

"ಟ್ಯಾಗ್ ಕಳಿಸಿದ್ವಲ್ಲ ಸರ್. ನೋಡೇ ತಾನೆ ದುಡ್ಡು ಹಾಕಿದ್ದು?"

ಇದಕ್ಕೆ ಏನು ಹೇಳೋದು? ನೋಡೇ ಹಾಕಿದ್ದೆ. ಅದೇ ಅವಮಾನ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಡೆನ್ಸಿಟಿ 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತೆ, ಅಷ್ಟೇ. ಹಾಸಿಗೆಯ ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತೆ. ನಮ್ಮದು 0.46. ಪೂರ್ತಿ 40 ಡೆನ್ಸಿಟಿ ಆಗಿದ್ದರೆ ಬರೀ ಫೋಮೇ 18 ಕೆಜಿಗಿಂತ ಸ್ವಲ್ಪ ಜಾಸ್ತಿ ಇರಬೇಕು.

ಹಾಸಿಗೆ ಸುತ್ತಿ, ಹಗ್ಗ ಕಟ್ಟಿ, ತಬ್ಬಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ಹೆಂಡತಿ ವಿಡಿಯೋ ಬೇರೆ ಮಾಡಿದಳು. ನನ್ನ ತೂಕ ಕಳೆದರೆ 13.4 ಕೆಜಿ. ಜಿಪ್ ತೆಗೆದು ಕವರ್ ಬೇರೆ ತೂಗಿದೆ, ಒಂದೂವರೆ ಕೆಜಿ. ಉಳಿದದ್ದು ಹನ್ನೆರಡು ಕೆಜಿಗೂ ಕಮ್ಮಿ. ಮೇಲಿನ ಒಂದು ಇಂಚು 40ರ ಲೆಕ್ಕದಲ್ಲಿ 3 ಕೆಜಿ ತಿನ್ನುತ್ತೆ. ಹಾಗಾದರೆ ಕೆಳಗಿನ ಐದು ಇಂಚು ಬರೀ 9 ಕೆಜಿ. ಅಂದರೆ 23 ಡೆನ್ಸಿಟಿ ಆಸುಪಾಸು. ಕವರ್ ತೆಗೆದಾಗ ಕಣ್ಣಿಗೇ ಕಾಣುತ್ತಿತ್ತು: ಮೇಲೆ ತೆಳ್ಳಗೆ ಕೆನೆ ಬಣ್ಣದ್ದು, ಅಂಟಿನ ಗೆರೆ, ಕೆಳಗೆಲ್ಲ ಬಿಳಿ.

ಮತ್ತೆ ಅಂಗಡಿಯಲ್ಲಿ ಅಷ್ಟು ಗಟ್ಟಿ ಯಾಕಿತ್ತು? ಅಲ್ಲೇ ನಾನು ಬಿದ್ದದ್ದು. ಗಟ್ಟಿ ಇದ್ದರೆ ಡೆನ್ಸಿಟಿ ಜಾಸ್ತಿ ಅಂದುಕೊಂಡಿದ್ದೆ. ಎರಡೂ ಬೇರೆ ಬೇರೆ. ಕಮ್ಮಿ ಡೆನ್ಸಿಟಿ ಫೋಮನ್ನೂ ಗಟ್ಟಿಯಾಗಿ ಮಾಡಬಹುದು, ಜಾಸ್ತಿ ಡೆನ್ಸಿಟಿದನ್ನು ಮೆತ್ತಗೂ ಮಾಡಬಹುದು. ಗಟ್ಟಿತನ ಇವತ್ತು ಬೆನ್ನಿಗೆ ಹೇಗಿರುತ್ತೆ ಅಂತ ಹೇಳುತ್ತೆ. ಎಷ್ಟು ದಿನ ಹಾಗೇ ಇರುತ್ತೆ ಅನ್ನೋದಕ್ಕೆ ಡೆನ್ಸಿಟಿ ನೋಡಬೇಕು. 23ರಲ್ಲಿ ಹೆಚ್ಚು ಭಾಗ ಗಾಳಿ, ಸರಕು ಕಮ್ಮಿ. ದಿನಾ ಒಂದೇ ಜಾಗಕ್ಕೆ ಭಾರ ಬಿದ್ದರೆ ಬೇಗ ಸೋಲುತ್ತೆ. ಇನ್ನು ಟ್ಯಾಗಿನ "ಮೀಡಿಯಂ ಫರ್ಮ್" ಅನ್ನೋದು ಆ ಕಂಪನಿಯದೇ ಮಾತು. ಒಬ್ಬರ ಮೀಡಿಯಂ ಇನ್ನೊಬ್ಬರಿಗೆ ಹಲಗೆ. ಎಷ್ಟು ಒತ್ತಿದರೆ ಎಷ್ಟು ತಗ್ಗುತ್ತೆ ಅಂತ ಅಳೆದ ಸಂಖ್ಯೆ ಇದ್ದರೆ ಹೋಲಿಸಬಹುದು. ನಾನು ಆಮೇಲೆ ನೋಡಿದ ಒಂದು ಟ್ಯಾಗಿನಲ್ಲೂ ಅದಿರಲಿಲ್ಲ.

ವಾರಂಟಿ ಕೇಳಿದೆ. "ಒಂದು ಇಂಚು ತಗ್ಗಿದ್ರೆ ಮಾತ್ರ ಸರ್." ಆ ತುದಿಯಿಂದ ಈ ತುದಿಗೆ ದಾರ ಬಿಗಿಯಾಗಿ ಎಳೆದು ಸ್ಕೇಲ್ ಇಟ್ಟೆ. 18 ಮಿಲಿಮೀಟರ್. ಇಂಚು ಅಂದರೆ 25. ಫೋಟೋ ಕಳಿಸಿದೆ. ಉತ್ತರ: "ಮಲಗೋರ ತೂಕ ಜಾಸ್ತಿ ಇರಬೇಕು ಸರ್." ಅಪ್ಪ 58 ಕೆಜಿ ಕಣ್ರೀ!

ಕೊನೆಗೆ ಒಂದು ಔದಾರ್ಯ ತೋರಿಸಿದರು. "ಇನ್ನೊಂದು 4,000 ಹಾಕಿ ಸರ್, 100 ಡೆನ್ಸಿಟಿದು ಕೊಡ್ತೀವಿ." ನೂರು! ಒಂದು ಕ್ಷಣ ನಾನೂ ಆಸೆಪಟ್ಟೆ, ಸುಳ್ಳು ಹೇಳಲ್ಲ. ಆಮೇಲೆ ಸೋಫಾ ರಿಪೇರಿ ಮಾಡುವ ಪರಿಚಯದವರನ್ನು ಕೇಳಿದೆ. ಅವರು ನಕ್ಕುಬಿಟ್ಟರು. ಅದು ರೀಬಾಂಡೆಡ್. ಫೋಮ್ ಕತ್ತರಿಸಿ ಉಳಿದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಅದರಲ್ಲಿ 80, 100 ಅನ್ನೋದು ಮಾಮೂಲಿ. ಕೆಟ್ಟದ್ದು ಅಂತಲ್ಲ, ಗಟ್ಟಿ ಬೇಕು ಅನ್ನೋರು ಹಾಕಿಸಿಕೊಳ್ಳುತ್ತಾರೆ. ಆದರೆ ಆ 100ನ್ನು ಪಿಯು ಫೋಮಿನ 40ರ ಪಕ್ಕ ಇಟ್ಟು ಎರಡೂವರೆ ಪಟ್ಟು ಒಳ್ಳೇದು ಅಂದುಕೊಂಡರೆ ಮತ್ತೆ ಟೋಪಿ. ತೂಕದ ಲೆಕ್ಕಕ್ಕೂ ಇದೇ ಕಷ್ಟ. ಭಾರ ಜಾಸ್ತಿ ಇದೆ ಅಂತ ಖುಷಿ ಪಡಬೇಡಿ, ಪುಡಿ ಬೆರೆಸಿ ತೂಕ ಹೆಚ್ಚಿಸಿದ ಫೋಮೂ ಇರುತ್ತೆ ಅಂದರು ಅವರು. ಹಗುರ ಇದ್ದರೆ ಮಾತ್ರ ಸುಳ್ಳು ಸಿಕ್ಕಿಬೀಳುತ್ತೆ.

ಬೆಲೆ ವಿಷಯ. ಎಂಆರ್‌ಪಿ ಮರೆತುಬಿಡಿ, ಅದರಲ್ಲಿ ಅರ್ಧ ಅಂದರೂ ನಗು ಬರುತ್ತೆ ಈಗ. ಕೊಟ್ಟ ದುಡ್ಡನ್ನು ಫೋಮಿನ ಕೆಜಿಯಿಂದ ಭಾಗಿಸಿ. ಪೂರ್ತಿ 40 ಆಗಿದ್ದರೆ ನನಗೆ ಕೆಜಿಗೆ 790 ಬೀಳುತ್ತಿತ್ತು. ನಿಜವಾಗಿ ಬಿದ್ದದ್ದು 1,200. ಅದೇ ಸೋಫಾದವರು ಪೂರ್ತಿ 40ರ ಆರು ಇಂಚನ್ನು ಕವರ್ ಸಮೇತ 13,000ಕ್ಕೆ ಮಾಡಿಕೊಡುತ್ತೇನೆ ಅಂದರು. ನಾನು ಅದಕ್ಕಿಂತ ಜಾಸ್ತಿ ಕೊಟ್ಟು ಬಿಳಿ ಗಾಳಿ ತಂದೆ.

ತಗೊಳ್ಳೋರು ಟ್ಯಾಗಿನ ನಾಲ್ಕೂ ಮೂಲೆ ಕಾಣೋ ಫೋಟೋ ಕೇಳಿ. ಪ್ರತಿ ಪದರ ಎಷ್ಟು ಇಂಚು, ಯಾವ ಫೋಮ್, ಎಷ್ಟು ಡೆನ್ಸಿಟಿ ಅಂತ ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ನನ್ನ ಬಿಲ್ಲಿನಲ್ಲಿ "ಮ್ಯಾಟ್ರೆಸ್ 1" ಅಂತ ಮಾತ್ರ ಇದೆ, ಲೆಕ್ಕ ಬರೆಯೋನ ಬಿಲ್ಲು! ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಆ ಫೋಟೋ ಸಮೇತ.

ಮೊನ್ನೆ ಅದೇ ಅಂಗಡಿಯಿಂದ ಎಲ್ಲರಿಗೂ ಕಳಿಸೋ ಹಬ್ಬದ ಆಫರ್ ಮೆಸೇಜ್ ಬಂತು. ಟ್ಯಾಗ್ ಫೋಟೋ ಇತ್ತು, 40 ಇತ್ತು. ಬೆರಳು ತೆಗೆದು ಇನ್ನೊಂದು ಫೋಟೋ ಕಳಿಸಿ ಅಂತ ಬರೆದೆ. ನೀಲಿ ಟಿಕ್ ಬಿದ್ದಿದೆ. ಫೋಟೋ ಬಂದಿಲ್ಲ.