ಎಸ್‌ಓಪಿಯಲ್ಲಿ ಬರೆದ ‘ಶೇ. 98’ ಸಂದರ್ಶನದಲ್ಲಿ ಕೈಕೊಟ್ಟ ಬಗೆ

ಪಿಎಚ್‌.ಡಿ. ಅಥವಾ ಸಂಶೋಧನಾ ಎಂ.ಟೆಕ್‌ಗೆ ಅರ್ಜಿ ಹಾಕುತ್ತಿರುವ ಸಿವಿಲ್ ವಿದ್ಯಾರ್ಥಿಗಳು ಇದನ್ನು ಓದಿ, ತಮ್ಮ ಎಸ್‌ಓಪಿಯನ್ನು ಇನ್ನೊಮ್ಮೆ ತೆರೆದು ನೋಡಬೇಕು. ಒಬ್ಬ ಅಭ್ಯರ್ಥಿಯ ಎಸ್‌ಓಪಿಯಲ್ಲಿ ಈ ವಾಕ್ಯವಿತ್ತು: “ಕಾಂಕ್ರೀಟಿನ ಬಲವನ್ನು ಶೇ. 98 ನಿಖರತೆಯಿಂದ ಅಂದಾಜು ಮಾಡುವ ಮಷಿನ್ ಲರ್ನಿಂಗ್ ಮಾದರಿಯನ್ನು ನಾನು ಅಭಿವೃದ್ಧಿಪಡಿಸಿದೆ.” ಸಂದರ್ಶನದ ಬಹುಪಾಲು ಈ ಒಂದೇ ವಾಕ್ಯದ ಮೇಲೆ ನಡೆಯಿತು. ಅಭ್ಯರ್ಥಿ ಆಯ್ಕೆಯಾಗಲಿಲ್ಲ.

ಮೊದಲ ಪ್ರಶ್ನೆ, “ಶೇ. 98 ಅಂದರೆ ಯಾವುದರ ಶೇಕಡಾ?” ಬಲ ಎನ್ನುವುದು ಮೆಗಾಪ್ಯಾಸ್ಕಲ್‌ನಲ್ಲಿ ಅಳೆಯುವ ಸಂಖ್ಯೆ. ಅದರ ಅಂದಾಜಿನಲ್ಲಿ ‘ಇಷ್ಟು ಸರಿ, ಇಷ್ಟು ತಪ್ಪು’ ಎಂದು ಎಣಿಸಲು ಬರುವುದಿಲ್ಲ. ಹಾಗಿದ್ದರೆ 98 ಬಂದದ್ದೆಲ್ಲಿಂದ? ಪ್ರಾಜೆಕ್ಟಿನ ಕೋಡಿನಲ್ಲಿದ್ದ ಸಾಲು ಇದು:

```
model.score(X_train, y_train)
```

ರ‍್ಯಾಂಡಮ್ ಫಾರೆಸ್ಟ್ ರಿಗ್ರೆಷನ್‌ನಲ್ಲಿ ಈ ಸಾಲು ಕೊಡುವುದು R², ಅಂದರೆ ಬಲದ ಏರಿಳಿತದಲ್ಲಿ ಎಷ್ಟು ಪಾಲನ್ನು ಮಾದರಿ ವಿವರಿಸುತ್ತದೆ ಎಂಬ ಅಳತೆ. 0.98 ಬಂದದ್ದನ್ನು ನೂರರಿಂದ ಗುಣಿಸಿ ‘ನಿಖರತೆ’ ಎಂದು ಬರೆದಿದ್ದರು. ಅದಕ್ಕಿಂತ ದೊಡ್ಡ ತಪ್ಪು `X_train` ಎನ್ನುವುದರಲ್ಲಿದೆ. ಮಾದರಿ ಕಲಿತದ್ದೇ ಆ ಸಾಲುಗಳಿಂದ, ಪರೀಕ್ಷೆ ಮಾಡಿದ್ದೂ ಅದೇ ಸಾಲುಗಳ ಮೇಲೆ. ಕಲಿಕೆಯಲ್ಲಿ ಸೇರದ ಸಾಲುಗಳ ಮೇಲೆ, ಅಂದರೆ `X_test` ಮೇಲೆ ನಡೆಸಿದರೆ ಇದೇ ದತ್ತಾಂಶದಲ್ಲಿ R² ಸಾಮಾನ್ಯವಾಗಿ 0.9ರ ಆಸುಪಾಸಿಗೆ ಇಳಿಯುತ್ತದೆ.

ದತ್ತಾಂಶ ಯಾವುದೆಂದರೆ, ಪ್ರಾಜೆಕ್ಟುಗಳಲ್ಲಿ ತುಂಬಾ ಬಳಕೆಯಾಗುವ ಯುಸಿಐ ಭಂಡಾರದ ಕಾಂಕ್ರೀಟ್ ದತ್ತಾಂಶ: 1030 ಸಾಲುಗಳು, ಸಿಮೆಂಟ್, ಸ್ಲ್ಯಾಗ್, ಫ್ಲೈ ಆ್ಯಶ್, ನೀರು, ಸೂಪರ್‌ಪ್ಲಾಸ್ಟಿಸೈಜರ್, ಜಲ್ಲಿ, ಮರಳು, ವಯಸ್ಸು ಎಂಬ ಎಂಟು ಅಂಶಗಳು. ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಮಿಶ್ರಣವನ್ನು 3, 7, 28, 90 ದಿನಗಳಂತೆ ಬೇರೆ ಬೇರೆ ವಯಸ್ಸಿನಲ್ಲಿ ಪರೀಕ್ಷಿಸಿದ ಫಲಿತಾಂಶಗಳು ಬೇರೆ ಬೇರೆ ಸಾಲುಗಳಲ್ಲಿವೆ. ಸಾಲುಗಳನ್ನು ಕಲಸಿ ಇಬ್ಭಾಗ ಮಾಡಿದರೆ ಒಂದೇ ಮಿಶ್ರಣದ 7 ದಿನದ ಸಾಲು ಕಲಿಕೆಯ ಕಡೆಗೂ 28 ದಿನದ ಸಾಲು ಪರೀಕ್ಷೆಯ ಕಡೆಗೂ ಹೋಗಬಹುದು. ಹೀಗಾಗಿ `X_test` ಅಂಕಿಯೂ ಹೊಸ ಮಿಶ್ರಣದ ಮಟ್ಟಿಗೆ ಉಬ್ಬಿದ ಅಂಕಿಯೇ. ವಯಸ್ಸು ಬಿಟ್ಟು ಉಳಿದ ಏಳು ಅಂಶಗಳು ಒಂದೇ ಆಗಿರುವ ಸಾಲುಗಳನ್ನು ಒಂದು ಗುಂಪು ಮಾಡಿ, `GroupShuffleSplit` ಬಳಸಿ ಗುಂಪುಗಳನ್ನೇ ಬೇರ್ಪಡಿಸಬೇಕು. “ಹೇಗೆ ಇಬ್ಭಾಗ ಮಾಡಿದಿರಿ?” ಎಂಬ ಎರಡನೆಯ ಪ್ರಶ್ನೆ ಬಂದದ್ದು ಇದಕ್ಕಾಗಿಯೇ. “80-20” ಎಂಬ ಉತ್ತರ ಅಲ್ಲಿಗೆ ಸಾಲದು.

ಆಮೇಲೆ ಪ್ರಶ್ನೆಗಳು ಕೋಡಿನಿಂದ ಕಾಂಕ್ರೀಟಿಗೆ ತಿರುಗಿದವು. ನೀರು-ಸಿಮೆಂಟ್ ಅನುಪಾತ ಏರಿದರೆ ಬಲ ಯಾಕೆ ಇಳಿಯುತ್ತದೆ? ಫ್ಲೈ ಆ್ಯಶ್ ಹೆಚ್ಚಿದ್ದರೆ ಮೊದಲ ದಿನಗಳಲ್ಲಿ ಬಲ ಯಾಕೆ ನಿಧಾನ? ನಿಮ್ಮ ಮಾದರಿಯಲ್ಲಿ ಇವೆರಡೂ ಕಾಣುತ್ತವೆಯೇ? ಸಿವಿಲ್ ಓದಿದವರಿಗೆ ಮೊದಲೆರಡು ಗೊತ್ತಿರಲೇಬೇಕು. ಮೂರನೆಯದಕ್ಕೆ, ಉಳಿದದ್ದನ್ನು ಹಾಗೇ ಇಟ್ಟು ನೀರನ್ನು ಮಾತ್ರ ಬದಲಿಸುತ್ತಾ ಅಂದಾಜಿನ ಗೆರೆಯನ್ನು ಒಮ್ಮೆಯಾದರೂ ಎಳೆದು ನೋಡಿರಬೇಕು.

ಕೊನೆಗೆ ‘ನಾನು ಅಭಿವೃದ್ಧಿಪಡಿಸಿದೆ’. ಅದು ನಾಲ್ವರ ಬಿ.ಇ. ಪ್ರಾಜೆಕ್ಟ್. ಅಭ್ಯರ್ಥಿ ಮಾಡಿದ್ದು ದತ್ತಾಂಶ ಶುದ್ಧೀಕರಣ ಮತ್ತು ವರದಿ ಬರವಣಿಗೆ, ಕೋಡ್ ಬರೆದದ್ದು ಇನ್ನೊಬ್ಬರು. ದತ್ತಾಂಶ ಶುದ್ಧೀಕರಣ ಗೌರವದ ಕೆಲಸವೇ. ಇದರಲ್ಲಿ ಮರುಕಳಿಸಿದ ಸಾಲುಗಳಿವೆ, ಅವನ್ನು ಏನು ಮಾಡಿದಿರಿ ಎಂದು ಕೇಳಿದ್ದರೆ ಹತ್ತು ನಿಮಿಷ ಮಾತಾಡಬಹುದಿತ್ತು. ಆದರೆ ವಾಕ್ಯ ಆ ಬಾಗಿಲನ್ನೇ ತೆರೆಯಲಿಲ್ಲ.

ಸಲ್ಲಿಸುವ ಮೊದಲು ಎಸ್‌ಓಪಿಯನ್ನು ಮುದ್ರಿಸಿ, ಪ್ರತಿ ವಾಕ್ಯದಲ್ಲೂ ಕ್ರಿಯಾಪದ, ಸಂಖ್ಯೆ, ವಿಧಾನದ ಹೆಸರು, ಇವುಗಳ ಕೆಳಗೆ ಗೆರೆ ಎಳೆಯಿರಿ. ಕ್ರಿಯಾಪದಕ್ಕೆ ‘ಇದರಲ್ಲಿ ನನ್ನ ಕೈ ಎಷ್ಟು’, ಸಂಖ್ಯೆಗೆ ‘ಯಾವ ಫೈಲಿನ ಯಾವ ಸಾಲಿನಿಂದ ಬಂತು’, ವಿಧಾನಕ್ಕೆ ‘ಬೇರೆಯದು ಬಿಟ್ಟು ಇದೇ ಯಾಕೆ, ಎಲ್ಲಿ ಸೋಲುತ್ತದೆ’ ಎಂದು ಅಂಚಿನಲ್ಲಿ ಉತ್ತರ ಬರೆಯಿರಿ. ಸಂಖ್ಯೆಯನ್ನು ನೆನಪಿನಿಂದ ಬರೆಯದೆ ಕೋಡನ್ನು ಮತ್ತೆ ಓಡಿಸಿ ನೋಡಿ. ಉತ್ತರ ಬಾರದ ಕಡೆ ವಾಕ್ಯವನ್ನು ತಗ್ಗಿಸಿ. ಮೇಲಿನ ವಾಕ್ಯ ಹೀಗಾಗಬಹುದಿತ್ತು: “ನಾಲ್ವರ ತಂಡದಲ್ಲಿ, 1030 ಸಾಲುಗಳ ಸಾರ್ವಜನಿಕ ಕಾಂಕ್ರೀಟ್ ದತ್ತಾಂಶವನ್ನು ನಾನು ಶುದ್ಧೀಕರಿಸಿದೆ; ಅದರ ಮೇಲೆ ನಮ್ಮ ತಂಡ ರ‍್ಯಾಂಡಮ್ ಫಾರೆಸ್ಟ್ ಬಳಸಿ ಬಲವನ್ನು ಅಂದಾಜು ಮಾಡಿತು.”

ಈಗಾಗಲೇ ಸಲ್ಲಿಸಿಬಿಟ್ಟಿದ್ದರೆ ಸರಿಯಾದ ಅಂಕಿಯನ್ನು ಸಂದರ್ಶನಕ್ಕೆ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಆ ವಾಕ್ಯದ ಬಗ್ಗೆ ಮೊದಲ ಪ್ರಶ್ನೆ ಬಂದ ಕೂಡಲೇ, “ಸರ್, ಅಲ್ಲಿ ಬರೆದದ್ದು ಕಲಿಕೆಯ ಸಾಲುಗಳ R². ಗುಂಪುವಾರು ಬೇರ್ಪಡಿಸಿ ಮತ್ತೆ ನೋಡಿದೆ, ಇಷ್ಟು ಬಂತು” ಎಂದು ನೀವೇ ಹೇಳಿ. ನಾಲ್ಕನೆಯ ಪ್ರಶ್ನೆಯಲ್ಲಿ ಸಿಕ್ಕಿಬಿದ್ದು ಒಪ್ಪಿಕೊಂಡರೆ ಅದೇ ಮಾತಿಗೆ ಆ ಬೆಲೆ ಇರುವುದಿಲ್ಲ.