ಬೆಳಗಿನ ಜಾವ ಎಬ್ಬಿಸಿದ ಎಚ್ಚರಿಕೆ: ntfy ಸೇವೆಯ ದೀರ್ಘಕಾಲದ ಬಳಕೆಯ ವಿಮರ್ಶೆ

ನಾನು ನಿವೃತ್ತ ಗಣಿತ ಶಿಕ್ಷಕಿ. ಷೇರುಪೇಟೆಯನ್ನು ಗಮನಿಸಲು ನಾನೇ ಬರೆದ ಪುಟ್ಟ ಸ್ಕ್ರಿಪ್ಟ್ ಒಂದು ಮನೆಯ ರಾಸ್ಪ್‌ಬೆರಿ ಪೈನಲ್ಲಿ ಹಗಲಿರುಳು ಓಡುತ್ತಿರುತ್ತದೆ. ಅಮೆರಿಕದ ಷೇರು ಸೂಚ್ಯಂಕ ಎಸ್ ಆ್ಯಂಡ್ ಪಿ 500ರ ಮುಂಗಡ ವಹಿವಾಟಾದ ಫ್ಯೂಚರ್ಸ್ ಹಿಂದಿನ ಮುಕ್ತಾಯಕ್ಕಿಂತ ಶೇ. 3ಕ್ಕೂ ಹೆಚ್ಚು ಕುಸಿದರೆ, ಅದು ಉಚಿತವಾದ ntfy ಸೇವೆಯ ಮೂಲಕ ನನ್ನ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ಬೇಕಾಗುವುದು ಈ ಒಂದೇ ಸಾಲು:

```
curl -H "Priority: 5" -d "S&P futures -3%" ntfy.sh/my-topic
```

ಕೊನೆಯ ಪದವೇ ಇಲ್ಲಿ ಗುಪ್ತಪದವಿದ್ದಂತೆ. ಅದನ್ನು ಊಹಿಸಿದವರು ಯಾರೇ ಆದರೂ ನಿಮ್ಮ ಸಂದೇಶಗಳನ್ನು ಓದಬಲ್ಲರಾದ್ದರಿಂದ, ಉದ್ದನೆಯ, ಅರ್ಥವಿಲ್ಲದ ಅಕ್ಷರಗಳನ್ನೇ ಆರಿಸಿಕೊಳ್ಳಬೇಕು. ಆ್ಯಂಡ್ರಾಯ್ಡ್‌ನಲ್ಲಿ ಐದನೆಯ ಆದ್ಯತೆಗೆ ಅನುಮತಿ ಕೊಟ್ಟಿದ್ದರೆ, ಮೊಬೈಲ್ ‘ಡು ನಾಟ್ ಡಿಸ್ಟರ್ಬ್’ ಸ್ಥಿತಿಯಲ್ಲಿದ್ದರೂ ಸಂದೇಶ ಸದ್ದು ಮಾಡುತ್ತದೆ. ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡದಿದ್ದರೆ ಮಾತ್ರ ಸಂದೇಶ ತಡವಾಗಿ ಬರಬಹುದು.

ಈ ಸೇವೆಯ ನಿಜವಾದ ಪರೀಕ್ಷೆ ನಡೆದದ್ದು 2025ರ ಏಪ್ರಿಲ್ 7ರ ಸೋಮವಾರ. ಅಮೆರಿಕದ ಸುಂಕ ಘೋಷಣೆಯ ನಂತರ ಎಸ್ ಆ್ಯಂಡ್ ಪಿ 500 ಗುರುವಾರ ಶೇ. 4.84, ಶುಕ್ರವಾರ ಶೇ. 5.97 ಕುಸಿದಿತ್ತು. ಭಾನುವಾರ ಸಂಜೆ ಅಲ್ಲಿ ಫ್ಯೂಚರ್ಸ್ ವಹಿವಾಟು ತೆರೆಯುವಾಗ ನಮ್ಮಲ್ಲಿ ಬೆಳಗಿನ ಜಾವ 3.30. ಅದಾದ ಸ್ವಲ್ಪ ಹೊತ್ತಿಗೇ ಮೊಬೈಲ್ ಕಿರುಚಿತು. "ಯಾರಿಗೆ ಏನಾಯಿತೇ?" ಎಂದು ಯಜಮಾನರು ಗಾಬರಿಯಿಂದ ಎದ್ದು ಕುಳಿತರು. "ಯಾರಿಗೂ ಏನೂ ಆಗಿಲ್ಲ, ಪೇಟೆ ಬಿದ್ದಿದೆ, ಮಲಗಿ" ಎಂದೆ.

ಆ ಹೊತ್ತಿನಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ನಮ್ಮ ನಿಫ್ಟಿ ಸೂಚ್ಯಂಕದ ಫ್ಯೂಚರ್ಸ್ ಆದ ಗಿಫ್ಟ್ ನಿಫ್ಟಿ ತೆರೆಯುವುದೇ 6.30ಕ್ಕೆ, ನಮ್ಮ ಪೇಟೆಯಲ್ಲಿ ವಹಿವಾಟು ಶುರುವಾಗುವುದು 9.15ಕ್ಕೆ. ಆದರೂ ಯೋಚಿಸಲು ಸಿಕ್ಕ ಆ ಬಿಡುವನ್ನು ನಾನು ದೊಡ್ಡ ಲಾಭವೆಂದೇ ಎಣಿಸುತ್ತೇನೆ. ಪಿಂಚಣಿಯ ಆಸರೆಯಿರುವುದರಿಂದ ಏನನ್ನೂ ಮಾರುವ ಅಗತ್ಯವಿಲ್ಲವೆಂದು ನಿಶ್ಚಯಿಸಿ, ಸ್ವಲ್ಪ ನಿಫ್ಟಿ ಇಟಿಎಫ್ ಕೊಳ್ಳುವ ಬೆಲೆಯನ್ನು ಡೈರಿಯಲ್ಲಿ ಬರೆದಿಟ್ಟೆ. ಇಂಥ ದಿನ ಪೇಟೆ ತೆರೆದ ಕೂಡಲೇ ಇಟಿಎಫ್ ಬೆಲೆ ಅದರ ನಿಜ ಮೌಲ್ಯದಿಂದ ದೂರ ಸರಿದಿರಬಹುದು. ಆದ್ದರಿಂದ ಮೊದಲ ಗದ್ದಲ ಇಳಿಯುವವರೆಗೂ ಕಾದು, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬದಲು, ಬರೆದಿಟ್ಟ ಬೆಲೆಗೇ ಲಿಮಿಟ್ ಆರ್ಡರ್ ಹಾಕಿದೆ. ಅಂದು ನಿಫ್ಟಿ 742.85 ಅಂಶ ಕಳೆದುಕೊಂಡು 22,161.60ರಲ್ಲಿ ಮುಗಿಯಿತು.

ಸ್ಕ್ರಿಪ್ಟ್‌ನಲ್ಲಿ ಈಗ ಎರಡು ಷರತ್ತುಗಳಿವೆ. ರಾತ್ರಿ ವಹಿವಾಟು ತೆಳುವಾಗಿರುವುದರಿಂದ, ಸತತ ಎರಡು ಸಲ ಓದಿದಾಗಲೂ ಬೆಲೆ ಗಡಿಯ ಕೆಳಗಿದ್ದರೆ ಮಾತ್ರ ಸಂದೇಶ ಹೋಗುತ್ತದೆ. ಒಮ್ಮೆ ಕಳುಹಿಸಿದ ಮೇಲೆ ಕುಸಿತ ಇನ್ನೂ ಶೇ. 1ರಷ್ಟು ಹೆಚ್ಚುವವರೆಗೆ ಮತ್ತೆ ಕಳುಹಿಸುವುದಿಲ್ಲ. ರಾತ್ರಿಯ ಫ್ಯೂಚರ್ಸ್‌ಗೆ ಶೇ. 7ರ ಮಿತಿಯಿರುವುದರಿಂದ ಎಂಥ ಕರಾಳ ರಾತ್ರಿಯಲ್ಲೂ ಬೆರಳೆಣಿಕೆಯ ಸಂದೇಶಗಳಷ್ಟೇ ಬರುತ್ತವೆ. ನಿದ್ದೆಯಿಂದ ಎದ್ದ ಕೂಡಲೇ ಮಾರುವ ಗುಂಡಿ ಒತ್ತುವ ಸ್ವಭಾವದವರು ಆದ್ಯತೆಯನ್ನು 5ರಿಂದ 2ಕ್ಕೆ ಇಳಿಸಿ, ಸಂದೇಶವನ್ನು ಬೆಳಿಗ್ಗೆ ಎದ್ದ ಮೇಲೆಯೇ ನೋಡುವುದು ಒಳ್ಳೆಯದು.